ಕತ್ತರಿ ಮೆಷಿನ್ನಿನ ಆರು ವರ್ಷದ ಬೆಲೆ

ಈಗ ಲೆಕ್ಕವೆಲ್ಲ ಕಂಪ್ಯೂಟರಿನೊಳಗೆ ಹೋಗಿ ಕುಳಿತಿದೆ. ಮೆಷಿನ್ನಿನ ಖರೀದಿ ತಾರೀಕು, ಕೊಂಡ ಬೆಲೆ, ಸವಕಳಿ ಕಳೆಯುವುದು ಯಾವ ವಿಧಾನದಲ್ಲಿ ಎಂದು ತುಂಬಿಸಿ ಒಂದು ಗುಂಡಿ ಒತ್ತಿದರೆ ಸಾಕು, ಸವೆದದ್ದು ಕಳೆದು ಲೆಕ್ಕದ ಪುಸ್ತಕದಲ್ಲಿ ಉಳಿಯುವ ಬೆಲೆ, ಅಂದರೆ ಪುಸ್ತಕ ಬೆಲೆ, ಮುಂದಿನ ಹತ್ತು ವರ್ಷದ್ದೂ ಸಾಲಾಗಿ ಬಂದು ನಿಲ್ಲುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂತೋಷದ ಜೊತೆಗೆ ಒಂಚೂರು ಹೊಟ್ಟೆಕಿಚ್ಚೂ ಆಗುತ್ತದೆ. ನಾವು ಇದೇ ಕೆಲಸಕ್ಕೆ ಎರಡು ವಾರ ಬೆನ್ನು ಬಗ್ಗಿಸಿ, ಬೆರಳಿಗೆಲ್ಲ ಶಾಯಿ ಮಾಡಿಕೊಂಡು, ಕೊನೆಗೆ ಒಂದು ಅಂಕಿ ತಾಳೆಯಾಗದೆ ಊಟ ಬಿಟ್ಟವರು. ಆದರೂ ಯಾರಾದರೂ ಈಗ ಬಂದು, ಆ ರಟ್ಟಿನ ಡಬ್ಬಿ ಕಾರ್ಖಾನೆಯ ಲೆಕ್ಕದ ಕೋಣೆಗೆ ವಾಪಸ್ ಹೋಗುತ್ತೀಯಾ ಎಂದು ಕೇಳಿದರೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಡುತ್ತೇನೆ.

ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಒಂದು ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ರಟ್ಟಿನ ಹಾಳೆಯನ್ನು ಅಳತೆಗೆ ಕತ್ತರಿಸುವ ಮೆಷಿನ್ನು, ಪಕ್ಕದಲ್ಲಿ ಮಡಚುವ ಜಾಗಕ್ಕೆ ಗೆರೆ ಒತ್ತುವ ಮೆಷಿನ್ನು, ಇನ್ನೊಂದು ತುದಿಯಲ್ಲಿ ಅಂಟು ಹಚ್ಚುವ ಉದ್ದ ಮೇಜುಗಳು. ಮಧ್ಯದಲ್ಲಿ ಅರ್ಧ ಗೋಡೆ ಎತ್ತಿ, ಮೇಲಕ್ಕೆ ಗಾಜು ಕೂರಿಸಿ ಲೆಕ್ಕದ ಕೋಣೆ ಮಾಡಿದ್ದರು. ಗಾಜಿನ ಮೇಲೆ ರಟ್ಟಿನ ಧೂಳು ಯಾವಾಗಲೂ ಕೂತಿರುತ್ತಿತ್ತು. ಬೆಳಗ್ಗೆ ಬಂದವಳು ಮೊದಲು ಅದನ್ನು ಒರೆಸುತ್ತಿದ್ದೆ, ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಹಾಗೇ ಇರುತ್ತಿತ್ತು.

ಆ ಸಂಸ್ಥೆಗೆ ಇಬ್ಬರು ಪಾಲುದಾರರು. ಶುರು ಮಾಡಿದ್ದು ಅಣ್ಣ, ತಮ್ಮ. ನಾನು ಸೇರುವ ಹಿಂದಿನ ವರ್ಷ ಅಣ್ಣ ತೀರಿಕೊಂಡಿದ್ದರು. ಅವರ ಜಾಗಕ್ಕೆ ಅವರ ಹೆಂಡತಿ ಪಾಲುದಾರರಾಗಿ ಬಂದರು. ತಮ್ಮನನ್ನು ನಾವು ಯಜಮಾನರು ಅನ್ನುತ್ತಿದ್ದೆವು. ಅವರು ಆಕೆಯನ್ನು ಅತ್ತಿಗೆ ಎಂದು ಕರೆಯುತ್ತಿದ್ದರಿಂದ ಕೆಲಸದವರಿಗೆಲ್ಲ, ರಟ್ಟು ತಂದು ಇಳಿಸುವ ಲಾರಿ ಚಾಲಕನಿಗೂ, ಆಕೆ ಅತ್ತಿಗೆಯೇ. ಪಾಲುದಾರರೆಂದು ಆಕೆ ಕುರ್ಚಿಯಲ್ಲಿ ಕೂತದ್ದು ನಾನು ನೋಡಿಲ್ಲ. ದಿನವೂ ಅಂಟಿನ ಮೇಜಿನ ಮುಂದೆ ನಿಂತು ಡಬ್ಬಿಯ ಮೂಲೆ ಒತ್ತುತ್ತಿದ್ದರು. ಉಗುರಿನ ಸಂದಿಯಲ್ಲಿ ಅಂಟು ಒಣಗಿ ಬಿಳಿಯಾಗಿರುತ್ತಿತ್ತು.

ಅಣ್ಣ ಸಾಯುವ ಮೊದಲು ಕೊಂಡ ಕೊನೆಯ ವಸ್ತು ಕತ್ತರಿ ಮೆಷಿನ್ನು. ಲೆಕ್ಕದ ವರ್ಷ ಶುರುವಾದ ಮೊದಲ ದಿನವೇ ಬಂದು, ಅವತ್ತೇ ಓಡತೊಡಗಿತ್ತು. ಬೆಲೆ ನಾಲ್ಕು ಲಕ್ಷ. ಅಷ್ಟು ದುಡ್ಡು ಸುರಿಯಬೇಡ ಎಂದು ಯಜಮಾನರು ಅಣ್ಣನ ಕೈಕಾಲು ಹಿಡಿದಿದ್ದರಂತೆ. ಅಣ್ಣ ಕೇಳಲಿಲ್ಲ. ಏಳು ತಿಂಗಳಿಗೆ ಅಣ್ಣ ಹೋದರು, ಮೆಷಿನ್ನು ಉಳಿಯಿತು. ಆ ಮೇಲೆ ಯಜಮಾನರಿಗೆ ಅದನ್ನು ನೋಡಿದರೆ ಸಿಟ್ಟು, ಅತ್ತಿಗೆಗೆ ಅದನ್ನು ನೋಡಿದರೆ ಇನ್ನೇನೋ. ದಿನಕ್ಕೊಮ್ಮೆಯಾದರೂ ಅದರ ಪಕ್ಕ ಹೋಗಿ ನಿಂತು ಬರುತ್ತಿದ್ದರು.

ನನ್ನ ಗುರು ಕೆಂಪಿಂಕು ಸಾರ್. ಜೇಬಿನಲ್ಲಿ ಎರಡು ಪೆನ್ನು, ನೀಲಿ ನಮಗೆ, ಕೆಂಪು ನಮ್ಮ ತಪ್ಪಿಗೆ. ನಾನು ಸೇರಿದ ದಿನ ನನ್ನ ಮುಂದೆ ಒಂದು ದಪ್ಪ ಪುಸ್ತಕ ಇಟ್ಟು ಹೇಳಿದರು, "ಇದು ಆಸ್ತಿ ರಿಜಿಸ್ಟರು. ಈ ಶೆಡ್ಡಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಬಾಳೋದು ಏನೇನಿದ್ಯೋ ಎಲ್ಲದಕ್ಕೂ ಇಲ್ಲಿ ಜಾತಕ ಇದೆ. ಯಾವತ್ತು ಕೊಂಡ್ವಿ, ಎಷ್ಟು ಕೊಟ್ವಿ, ವರ್ಷಾವರ್ಷ ಎಷ್ಟು ಸವೀತು, ಈಗ ಪುಸ್ತಕದಲ್ಲಿ ಎಷ್ಟು ಉಳೀತು."

"ಸವೆದದ್ದು ಹೇಗೆ ಗೊತ್ತಾಗುತ್ತೆ ಸಾರ್?"

"ಗೊತ್ತಾಗಲ್ಲ. ಅದಕ್ಕೇ ಒಂದು ವಿಧಾನ ಇಟ್ಕೊಂಡು ಲೆಕ್ಕ ಹಾಕೋದು."

ವಿಧಾನ ಎರಡು. ಮೇಜು ಕುರ್ಚಿಗಳಿಗೆ ಸಮಕಂತು. ಕೊಂಡ ಬೆಲೆಯ ಮೇಲೆ ಶೇಕಡ ಹತ್ತು, ಪ್ರತಿ ವರ್ಷ ಒಂದೇ ಮೊತ್ತ, ಹತ್ತು ವರ್ಷಕ್ಕೆ ಮೇಜಿನ ಬೆಲೆ ಪುಸ್ತಕದಲ್ಲಿ ಮುಗಿಯಿತು. ಮೆಷಿನ್ನುಗಳಿಗೆ ಇಳಿಕೆ ಶೇಷ. ಹಿಂದಿನ ವರ್ಷದ ಕೊನೆಗೆ ಎಷ್ಟು ಉಳಿದಿತ್ತೋ ಅದರ ಮೇಲೆ ಶೇಕಡ ಹದಿನೈದು. ಉಳಿದದ್ದು ಕಡಿಮೆಯಾಗುತ್ತ ಹೋದಂತೆ ಕಳೆಯುವುದೂ ಕಡಿಮೆಯಾಗುತ್ತದೆ, ಆದ್ದರಿಂದ ಬೆಲೆ ಇಳಿಯುತ್ತಲೇ ಇರುತ್ತದೆ, ಸೊನ್ನೆ ಮುಟ್ಟುವುದಿಲ್ಲ. ಇಷ್ಟನ್ನು ಸಾರ್ ಒಂದು ಲೋಟ ಚಹಾ ಮುಗಿಯುವುದರೊಳಗೆ ಕಲಿಸಿದರು. ನನಗೆ ಪೂರ್ತಿ ಅರ್ಥವಾಯಿತು ಎಂದು ನಾನೂ ತಲೆಯಾಡಿಸಿದೆ.

ಆ ಪುಸ್ತಕದ ಮೇಲೆ ಮುಂಚೆ ಯಾವತ್ತೋ ಅಂಟಿನ ಡಬ್ಬಿ ಮಗುಚಿತ್ತು. ಹಾಳೆಗಳು ಒಂದಕ್ಕೊಂದು ಹತ್ತಿಕೊಂಡು, ಬಿಡಿಸಿದರೆ ಪರ್‍ರನೆ ಹರಿಯುತ್ತಿದ್ದವು. "ಹೊಸದಕ್ಕೆ ಇಳಿಸಿಬಿಡು" ಎಂದರು ಸಾರ್. ನಾನು ಆಗ ಇಪ್ಪತ್ತೆರಡರವಳು, ಅಚ್ಚುಕಟ್ಟಿನ ಹುಚ್ಚು, ಅಕ್ಷರ ಮುತ್ತಿನ ಹಾಗಿದೆ ಎಂದು ಶಾಲೆಯಲ್ಲಿ ಹೊಗಳಿಸಿಕೊಂಡ ಜಂಬ ಬೇರೆ. ಸುಮ್ಮನೆ ಇಳಿಸಿದರೆ ನನ್ನ ಹೆಚ್ಚುಗಾರಿಕೆ ಏನು ಬಂತು? ಹಳೆಯದರ ಮೊದಲ ಪುಟಗಳಲ್ಲಿದ್ದ ಆಸ್ತಿ ಪಟ್ಟಿ ಬಗೆಯ ಪ್ರಕಾರ ಇತ್ತು, ಮೆಷಿನ್ನುಗಳು ಒಟ್ಟಿಗೆ, ಮೇಜು ಕುರ್ಚಿ ಒಟ್ಟಿಗೆ. ನಾನು ಅದನ್ನು ಖರೀದಿ ತಾರೀಕಿನ ಪ್ರಕಾರ ಹೊಂದಿಸಿದೆ. ಮೊದಲು ಗೆರೆ ಮೆಷಿನ್ನು, ಅದು ಯಜಮಾನರು ಮೂರು ವರ್ಷ ಮೊದಲು ಎರಡು ಲಕ್ಷಕ್ಕೆ ಕೊಂಡದ್ದು. ಆಮೇಲೆ ಅಂಟಿನ ಮೇಜುಗಳು. ಅದರ ಕೆಳಗೆ ಕತ್ತರಿ ಮೆಷಿನ್ನು. ಓದಲು ಎಷ್ಟು ಚಂದ!

ಮೂರು ದಿನ ಹಿಡಿಯಿತು. ಸಾರ್ ಹಳೆಯದನ್ನು ಕೈಯಲ್ಲಿ ಹಿಡಿದು, ನಾನು ಹೊಸದನ್ನು ಓದಿ, ಸಾಲು ಸಾಲೂ ತಾಳೆ ನೋಡಿದೆವು. ತಾರೀಕು ಸರಿ, ಬೆಲೆ ಸರಿ, ದರ ಸರಿ. ಎಲ್ಲದರ ಪಕ್ಕ ಸಾರ್ ಒಂದೊಂದು ಕೆಂಪು ಗೀಟು ಹಾಕಿ, "ಎಳ್ಳಷ್ಟೂ ವ್ಯತ್ಯಾಸ ಇಲ್ಲ" ಎಂದರು. ಅವತ್ತು ನಾನು ನೆಲದ ಮೇಲೆ ನಡೆದು ಮನೆಗೆ ಹೋಗಲಿಲ್ಲ.

ವರ್ಷದ ಕೊನೆಯ ದಿನ ಆ ಶೆಡ್ಡಿನಲ್ಲಿ ಕೆಲಸ ನಿಲ್ಲುತ್ತಿತ್ತು. ರಿಜಿಸ್ಟರು ಹಿಡಿದು ಎಲ್ಲ ವಸ್ತುವನ್ನೂ ಕಣ್ಣಾರೆ ನೋಡಿ ಗುರುತು ಹಾಕುವ ದಿನ. ಪ್ರತಿಯೊಂದರ ಮೇಲೂ ಬಣ್ಣದಲ್ಲಿ ನಂಬರು ಬರೆದಿರುತ್ತಿತ್ತು. ಮುಂದೆ ಸಾರ್, ಹಿಂದೆ ನಾನು, ನನ್ನ ಹಿಂದೆ ಯಜಮಾನರು, ಅತ್ತಿಗೆ, ಅವರ ಹಿಂದೆ ಮಿಕ್ಕವರೆಲ್ಲ. ಏಳನೇ ನಂಬರಿನ ಕುರ್ಚಿ ಯಾವ ವರ್ಷವೂ ಅದರ ಜಾಗದಲ್ಲಿ ಸಿಗುತ್ತಿರಲಿಲ್ಲ. ಅದನ್ನು ಹುಡುಕುವುದಕ್ಕೇ ಅರ್ಧ ಗಂಟೆ, ಅಷ್ಟೂ ಹೊತ್ತು ನಗು. ಕತ್ತರಿ ಮೆಷಿನ್ ಓಡಿಸುವ ಮೇಸ್ತ್ರಿಯಂತೂ ಹಿಂದಿನ ದಿನವೇ ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಹಿತ್ತಾಳೆ ತಿರುಗಣಿ ಹೊಳೆಯಿಸಿ, ಮದುವೆ ಹೆಣ್ಣಿನ ಅಪ್ಪನ ಹಾಗೆ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದ.

"ಈ ವರ್ಷ ಎಷ್ಟು ಸಾರ್ ನಮ್ಮ ರಾಣಿಗೆ?"

"ಎರಡು ಲಕ್ಷ ಎಂಬತ್ತು ಸಾವಿರ."

"ಮತ್ತೆ ಅರವತ್ತು ಸಾವಿರ ಕಿತ್ರಾ? ಏನ್ ಸಾರ್, ಮುಖ ನೋಡ್ಕೊಳ್ಳೋ ಹಾಗೆ ಒರೆಸಿಟ್ಟಿದೀನಿ, ಒಂದು ಹಲ್ಲು ಮೊಂಡಾಗಿಲ್ಲ!"

"ಒರೆಸಿದ್ರೆ ಬೆಲೆ ಏರಲ್ಲಪ್ಪ. ಪುಸ್ತಕದ ಬೆಲೆ ಬೇರೆ, ಪೇಟೆ ಬೆಲೆ ಬೇರೆ."

ಮೇಸ್ತ್ರಿ ಮುಖ ಊದಿಸಿಕೊಳ್ಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಸಾರ್ ಹೇಳಿದ ಆ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಯಜಮಾನರಂತೂ ಇಲ್ಲವೇ ಇಲ್ಲ. ಪುಸ್ತಕದಲ್ಲಿ ಬರೆದ ಅಂಕಿ ಎಂದರೆ ಅವರಿಗೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಕತ್ತರಿ ಮೆಷಿನ್ನು ಮೂರನೇ ವರ್ಷ ಎರಡು ಲಕ್ಷ ಇಪ್ಪತ್ತು ಸಾವಿರಕ್ಕೆ ಬಂತು, ನಾಲ್ಕನೇ ವರ್ಷ ಒಂದು ಲಕ್ಷ ಅರವತ್ತಕ್ಕೆ. ಯಜಮಾನರು ತಲೆ ಕೊಡವಿ ಹೇಳುತ್ತಿದ್ದರು, "ನೋಡಿದ್ರಾ? ಅಣ್ಣ ಮೋಸ ಹೋದ. ಆನೆ ತಂದು ಕಟ್ಟಿ ಹೋದ, ಸಾಕೋ ಕರ್ಮ ನಮ್ಮದು."

ಅವರು ಕೆಟ್ಟವರಲ್ಲ. ಅಣ್ಣ ಹೋದ ದುಃಖಕ್ಕೆ ಬೇರೆ ದಾರಿ ಸಿಗದೆ ಅಣ್ಣನ ಮೇಲೇ ಸಿಟ್ಟು ಮಾಡಿಕೊಂಡವರು ಎಂದು ಈಗ ನನಗನ್ನಿಸುತ್ತದೆ. ಆದರೆ ಆ ಮಾತು ಬಂದಾಗಲೆಲ್ಲ ಅತ್ತಿಗೆ ಅಂಟಿನ ಮೇಜಿಗೆ ವಾಪಸ್ ಹೋಗುತ್ತಿದ್ದರು. ಒಂದು ಸಲ ಮಾತ್ರ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು, "ಅಷ್ಟೊಂದು ಬೇಗ ಇಳಿಯುತ್ತಾ ಅದು? ಸರಿಯಾಗಿ ನೋಡಿದೀಯಾ ಕಣೇ?"

"ನೋಡಿದೀನಿ ಅತ್ತಿಗೆ. ಲೆಕ್ಕ ಅಂದ್ರೆ ಲೆಕ್ಕ" ಎಂದೆ. ಹಾಗೇ ಹೇಳಿದೆ. ಆ ಧಿಮಾಕು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಐದನೇ ವರ್ಷಕ್ಕೆ ಸಾರ್ ಕಣ್ಣಿಗೆ ಪೊರೆ ಬಂದು, ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣದೆ ಮನೆಗೆ ಹೋದರು. ಕೆಂಪು ಪೆನ್ನನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಲೆಕ್ಕದ ಕೋಣೆ ಪೂರ್ತಿ ನನ್ನದಾಯಿತು.

ಆರನೇ ವರ್ಷದ ಕೊನೆಗೆ ಅತ್ತಿಗೆ ಪಾಲು ಕೇಳಿದರು. ಜಗಳವಾಡಿ ಅಲ್ಲ. ಉಡುಗೊರೆಯ ಸಣ್ಣ ಡಬ್ಬಿಗಳನ್ನು ಮಾಡಿ ತಾವೇ ಮಾರಬೇಕೆಂದು ಅವರಿಗೆ ಬಹಳ ದಿನದ ಆಸೆ. ಎರಡು ರಸ್ತೆ ಕೂಡುವ ಕಡೆ, ದೊಡ್ಡ ಕಿಟಕಿಯ ಮೂಲೆ ಅಂಗಡಿಯೊಂದು ಖಾಲಿಯಾಗುವುದಿತ್ತು. ಮುಂಗಡ ಮೂರು ಲಕ್ಷ. ಕೆಲಸ ಮುಗಿಸಿ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗಿ ಅದನ್ನು ತೋರಿಸಿದ್ದರು. ಕಿಟಕಿಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿ, ಇಲ್ಲಿ ಕಪಾಟು, ಇಲ್ಲಿ ಮೇಜು, ಇಲ್ಲಿ ಗಿರಾಕಿ ಕೂರೋಕೆ ಎಂದು ಗಾಜಿನ ಮೇಲೆ ಬೆರಳಲ್ಲಿ ಗೆರೆ ಎಳೆದರು. ಗಂಡ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅವತ್ತೇ.

ಪಾಲುದಾರಿಕೆ ಪತ್ರದಲ್ಲಿ ಸ್ಪಷ್ಟವಾಗಿತ್ತು. ಒಬ್ಬರು ಹೊರಹೋದರೆ ಮೆಷಿನ್ನು, ಮೇಜು, ವ್ಯಾನು ಎಲ್ಲಕ್ಕೂ ರಿಜಿಸ್ಟರಿನ ಪುಸ್ತಕ ಬೆಲೆಯೇ ಬೆಲೆ, ಅದರಲ್ಲಿ ಅರ್ಧ. ಸಾಲ, ಬಾಕಿ, ಸರಕಿನ ಲೆಕ್ಕವೆಲ್ಲ ಮೊದಲೇ ಬೇರೆ ಕಾಗದದಲ್ಲಿ ತೀರಿತ್ತು. ನಾನು ರಿಜಿಸ್ಟರಿನ ಒಟ್ಟು ತೆಗೆದೆ. ಅತ್ತಿಗೆಯ ಪಾಲು ಎರಡೂವರೆ ಲಕ್ಷಕ್ಕೆ ನಿಂತಿತು. ಆ ಒಟ್ಟಿನೊಳಗೆ ಕತ್ತರಿ ಮೆಷಿನ್ನಿನದು ನಲವತ್ತು ಸಾವಿರ, ಅದರಲ್ಲಿ ಆಕೆಗೆ ಇಪ್ಪತ್ತು.

ಯಜಮಾನರು ಪುಟ ತಿರುವಿ ಗೆರೆ ಮೆಷಿನ್ನಿನ ಅಂಕಿ ನೋಡಿದರು. ನಲವತ್ತಾರು ಸಾವಿರದ ಚಿಲ್ಲರೆ. "ಅರ್ಧ ಬೆಲೆಗೆ ಕೊಂಡದ್ದು, ಒಂಬತ್ತು ವರ್ಷ ದುಡಿದದ್ದು, ಆದ್ರೂ ಅಣ್ಣನ ಮೆಷಿನ್‌ಗಿಂತ ಮುಂದಿದೆ. ನಾನು ಹೇಳಿದ್ರೆ ಯಾರು ಕೇಳ್ತಾರೆ!" ಎಂದರು.

ಅತ್ತಿಗೆ ರುಜು ಹಾಕಿದರು. ಐವತ್ತು ಸಾವಿರ ಕಡಿಮೆ ಬಿತ್ತು. ಮೈದುನನ ಹತ್ತಿರ ಸಾಲ ಕೇಳುವುದು ಅವರ ಜಾಯಮಾನವಲ್ಲ, ಹೊರಗೆ ಕೊಡುವವರಿರಲಿಲ್ಲ. ಮೂಲೆ ಅಂಗಡಿ ಒಬ್ಬ ಬಟ್ಟೆ ಹೊಲಿಯುವವನ ಪಾಲಾಯಿತು. ಅತ್ತಿಗೆ ಹಿಂದಿನ ಗಲ್ಲಿಯಲ್ಲಿ, ಹಗಲಲ್ಲೂ ದೀಪ ಹಾಕಬೇಕಾದ ಒಂದು ಗೋದಾಮು ಹಿಡಿದರು.

ಏಳನೇ ವರ್ಷದ ಕೊನೆ. ನಾನು ಸವಕಳಿ ಬರೆಯಲು ಕೂತೆ. ಕತ್ತರಿ ಮೆಷಿನ್ನಿನ ಪುಟ. ವರ್ಷದ ಮೊದಲಿಗೆ ನಲವತ್ತು ಸಾವಿರ. ಕಳೆಯಬೇಕಾದ್ದು ಅರವತ್ತು ಸಾವಿರ. ಇರುವುದಕ್ಕಿಂತ ಹೆಚ್ಚು ಕಳೆಯುವುದು ಹೇಗೆ? ಇರಲಿ, ಸಮಕಂತಿನಲ್ಲಿ ಕೊನೆಯ ವರ್ಷ ಉಳಿದಷ್ಟನ್ನೇ ಕಳೆದು ಸೊನ್ನೆ ಮಾಡಿದರಾಯಿತು ಎಂದು ಪೆನ್ನು ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಶೇಕಡ ಹದಿನೈದರ ಸಮಕಂತು ಯಾಕೆ ಬಂತು? ಹದಿನೈದರಿಂದ ನೂರು ಸರಿಯಾಗಿ ಭಾಗವಾಗುವುದಿಲ್ಲ. ಕೆಂಪಿಂಕು ಸಾರ್ ಸಮಕಂತು ಇಟ್ಟರೆ ಹತ್ತು, ಇಪ್ಪತ್ತು ಎಂದು ವರ್ಷಕ್ಕೆ ಹೊಂದುವ ದರವನ್ನೇ ಇಡುತ್ತಿದ್ದರು. ಹದಿನೈದು ಇಡುತ್ತಿದ್ದದ್ದು ಇಳಿಕೆ ಶೇಷಕ್ಕೆ ಮಾತ್ರ.

ಮೊದಲ ಪುಟಗಳ ಪಟ್ಟಿ ತೆಗೆದೆ. ಕತ್ತರಿ ಮೆಷಿನ್ನು, ತಾರೀಕು, ಬೆಲೆ ನಾಲ್ಕು ಲಕ್ಷ, ದರ ಹದಿನೈದು. ವಿಧಾನದ ಕಂಬದಲ್ಲಿ ಎರಡು ಸಣ್ಣ ಗೀಟು. ಮೇಲಿನಂತೆಯೇ ಎಂದು ಅರ್ಥ. ಮೇಲೆ ಏನಿದೆ? ಅಂಟಿನ ಮೇಜು, ಸಮಕಂತು.

ಪೆಟ್ಟಿಗೆಯ ತಳದಿಂದ ಅಂಟು ಮೆತ್ತಿದ ಹಳೆಯ ಪುಸ್ತಕ ಎಳೆದೆ. ಹಾಳೆ ಹರಿದರೂ ಪರವಾಗಿಲ್ಲವೆಂದು ಬಿಡಿಸಿದೆ. ಅಲ್ಲೂ ಕತ್ತರಿ ಮೆಷಿನ್ನಿಗೆ ಅದೇ ಎರಡು ಗೀಟು. ಆದರೆ ಅದರ ಮೇಲಿದ್ದದ್ದು ಗೆರೆ ಮೆಷಿನ್ನು, ಇಳಿಕೆ ಶೇಷ.

ಸಾಲುಗಳನ್ನು ತಾರೀಕಿನ ಪ್ರಕಾರ ಹೊಂದಿಸಿದವಳು ನಾನು. ಮಧ್ಯೆ ಮೇಜು ತಂದಿಟ್ಟು, ಗೀಟನ್ನು ಮಾತ್ರ ಇದ್ದ ಹಾಗೇ ಇಳಿಸಿದವಳೂ ನಾನೇ. ಸಾರ್ ತಾಳೆ ನೋಡಿದಾಗ ಅಲ್ಲೂ ಗೀಟು, ಇಲ್ಲೂ ಗೀಟು, ವ್ಯತ್ಯಾಸ ಕಾಣುವುದಾದರೂ ಹೇಗೆ? ಮೊದಲ ವರ್ಷದ ಸವಕಳಿ ಸಾರ್ ಕೈಯಲ್ಲೇ ಬರೆದಾಗಿತ್ತು, ಅರವತ್ತು ಸಾವಿರ. ಮೊದಲ ವರ್ಷ ಎರಡು ವಿಧಾನಕ್ಕೂ ಉತ್ತರ ಒಂದೇ. ಎರಡನೇ ವರ್ಷದಿಂದ ನಾನು ಕಣ್ಣು ಮುಚ್ಚಿಕೊಂಡು ಅರವತ್ತು ಅರವತ್ತು ಎಂದು ಕೀಳುತ್ತ ಬಂದಿದ್ದೆ. ಹಳೆಯ ಮೆಷಿನ್ನು ಹೊಸದಕ್ಕಿಂತ ಮುಂದೆ ನಿಂತಾಗಲೂ ನನಗೆ ಅನುಮಾನ ಹುಟ್ಟಲಿಲ್ಲ.

ಬೇರೆ ಹಾಳೆಯಲ್ಲಿ ಹೊಸದಾಗಿ ಲೆಕ್ಕ ಹಾಕಿದೆ. ಆರನೇ ವರ್ಷದ ಕೊನೆಗೆ ಆ ಮೆಷಿನ್ನಿನ ಸರಿಯಾದ ಪುಸ್ತಕ ಬೆಲೆ ಒಂದು ಲಕ್ಷ ಐವತ್ತು ಸಾವಿರದ ಎಂಟುನೂರ ಅರವತ್ತು. ನಾನು ತೋರಿಸಿದ್ದು ನಲವತ್ತು ಸಾವಿರ. ವ್ಯತ್ಯಾಸದ ಅರ್ಧ, ಅತ್ತಿಗೆಗೆ ಸಿಗಬೇಕಿದ್ದು, ಐವತ್ತೈದು ಸಾವಿರದ ನಾಲ್ಕುನೂರ ಮೂವತ್ತು. ಮೂಲೆ ಅಂಗಡಿಗೆ ಕಡಿಮೆ ಬಿದ್ದದ್ದು ಐವತ್ತು.

ಗಾಜಿನಾಚೆ ಮೇಸ್ತ್ರಿ ನಾಳೆಯ ತಪಾಸಣೆಗೆಂದು ಮೆಷಿನ್ನು ಒರೆಸುತ್ತಿದ್ದ. ನನಗೆ ಅಲ್ಲಿ ಕೂರಲಾಗಲಿಲ್ಲ. ಎರಡೂ ಪುಸ್ತಕ ಬಗಲಲ್ಲಿ ಹಿಡಿದು ಸಾರ್ ಮನೆಗೆ ಹೋದೆ.

ಸಾರ್ ಕಿಟಕಿಯ ಬಳಿ ಕೂತಿದ್ದರು. ಎಲ್ಲ ಹೇಳಿದೆ. ಅವರು ಹಳೆಯ ಪುಸ್ತಕ ಇಸಿದುಕೊಂಡು, ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದು ನೋಡಿದರು.

"ಸಾಲು ಹಿಂದೆಮುಂದೆ ಮಾಡಿದ್ದು ನೀನು" ಎಂದರು ಕೊನೆಗೆ. "ಸೋಮಾರಿತನಕ್ಕೆ ಗೀಟು ಎಳೆದದ್ದು ನಾನು. ಪ್ರತಿ ಆಸ್ತಿಗೂ ವಿಧಾನ ಪೂರ್ತಿ ಬರೀಬೇಕಿತ್ತು."

"ಈಗೇನ್ ಮಾಡ್ಲಿ ಸಾರ್? ಹಾಳೆ ಹರಿದು ಮತ್ತೆ ಬರೀಲಾ?"

"ತಲೆ ಕೆಟ್ಟಿದ್ಯಾ?" ಸಾರ್ ದನಿ ಏರಿತು. "ಒಂದಕ್ಷರ ಅಳಿಸ್ಬೇಡ. ತಪ್ಪು ಬರೆದದ್ದು ತಪ್ಪಾಗೇ ಇರ್ಲಿ. ಅದರ ಕೆಳಗೆ ಇವತ್ತಿನ ತಾರೀಕು ಹಾಕು. ವಿಧಾನ ತಪ್ಪಾಗಿ ಹಿಡಿದದ್ದರಿಂದ ಎರಡನೇ ವರ್ಷದಿಂದ ಆರನೇ ವರ್ಷದವರೆಗೆ ಹೆಚ್ಚು ಕಳೆದ ಸವಕಳಿ ಒಂದು ಲಕ್ಷ ಹತ್ತು ಸಾವಿರದ ಎಂಟುನೂರ ಅರವತ್ತು, ಅದನ್ನ ವಾಪಸ್ ಸೇರಿಸಿದೆ ಅಂತ ಬರಿ. ಏಳನೇ ವರ್ಷದ ಸವಕಳಿ ಆ ಸರಿಯಾದ ಬೆಲೆ ಮೇಲೆ ಹಾಕು. ಯಾರ ತಪ್ಪು ಅಂತಾನೂ ಬರಿ, ಇಬ್ಬರ ಹೆಸರೂ ಇರ್ಲಿ. ಆಮೇಲೆ ಯಜಮಾನರ ರುಜು ತಗೋ."

"ಕೆಲಸದಿಂದ ತೆಗೀತಾರೆ ಸಾರ್."

"ತೆಗೀಬಹುದು" ಎಂದರು. ಸಮಾಧಾನದ ಮಾತು ಅವರ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ.

ಮರುದಿನ ಎಲ್ಲರೂ ಏಳನೇ ನಂಬರಿನ ಕುರ್ಚಿ ಹುಡುಕುತ್ತಿದ್ದಾಗ ಯಜಮಾನರನ್ನು ಕೋಣೆಗೆ ಕರೆದು, ಬರೆದಿಟ್ಟ ತಿದ್ದುಪಡಿ ತೋರಿಸಿದೆ. ಅವರು ಮೂರು ಸಲ ಓದಿದರು. ಮುಖ ಕೆಂಪಾಯಿತು.

"ಪಾಲು ತೀರಿ ರುಜು ಬಿದ್ದಾಯ್ತು. ಈಗ ಇದನ್ನ ಕೆದಕೋದು ಯಾಕೆ?"

"ತಪ್ಪು ಲೆಕ್ಕಕ್ಕೆ ರುಜು ಬಿತ್ತು ಯಜಮಾನ್ರೇ. ಅಂಕಿ ತಪ್ಪಾಗಿ ಕೊಟ್ಟವಳು ನಾನು. ಬೇಕಾದ್ರೆ ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ."

"ನಿನ್ನ ಸಂಬಳದಲ್ಲಿ ಹಿಡಿಯೋಕೆ ಹೋದ್ರೆ ನೀನು ಮುದುಕಿ ಆಗ್ತೀಯ!" ಎಂದು ಗದರಿದರು. ನನಗೆ ಅಳು ಬಂತು. ಆದರೂ ಹಟಕ್ಕೆ ಬಿದ್ದು, "ಹಾಗಿದ್ರೆ ಅತ್ತಿಗೆಗೆ ನಾನೇ ಹೋಗಿ ಹೇಳ್ತೀನಿ" ಎಂದೆ.

ಅವರು ಗಾಜಿನ ಆಚೆ, ಹೊಳೆಯುವ ಮೆಷಿನ್ನಿನ ಪಕ್ಕ ಕೈಕಟ್ಟಿ ನಿಂತಿದ್ದ ಮೇಸ್ತ್ರಿಯನ್ನು ನೋಡುತ್ತಾ ನಿಂತರು. ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದರು, "ಹಾಗಾದ್ರೆ ನನ್ನ ಗೆರೆ ಮೆಷಿನ್‌ಗೆ ಹಾಕಿದ ಲೆಕ್ಕಾನೇ ಇದಕ್ಕೂ ಹಾಕಿದ್ರೆ, ಇದು ಒಂದೂವರೆ ಲಕ್ಷನಾ?"

"ಹೋದ ವರ್ಷದ ಕೊನೆಗೆ, ಹೌದು. ಈ ವರ್ಷದ್ದು ಕಳೆದ್ರೆ ಒಂದು ಲಕ್ಷ ಇಪ್ಪತ್ತೆಂಟು ಸಾವಿರದ ಇನ್ನೂರ ಮೂವತ್ತೊಂದು."

"ಆರು ವರ್ಷ" ಎಂದರು. "ಆರು ವರ್ಷ ನಾನು ಎಲ್ಲರ ಮುಂದೆ ಏನಂದೆ?"

ಅವರು ತಿದ್ದುಪಡಿಯ ಸಾಲಿನ ಕೆಳಗೆ ರುಜು ಹಾಕಿ, ಬೀರು ತೆಗೆದು ಚೆಕ್ ಪುಸ್ತಕ ಜೇಬಿಗಿಟ್ಟರು. ರಿಜಿಸ್ಟರು ತಗೊಂಡು ಬಾ ಎಂದು ಮುಂದೆ ನಡೆದೇಬಿಟ್ಟರು.

ಅತ್ತಿಗೆಯ ಗೋದಾಮಿನಲ್ಲಿ ದೀಪ ಉರಿಯುತ್ತಿತ್ತು. ಆಕೆ ಮೇಜಿನ ಮುಂದೆ ನಿಂತು ಸಣ್ಣ ಡಬ್ಬಿಯ ಮೂಲೆ ಒತ್ತುತ್ತಿದ್ದರು. ಯಜಮಾನರು ರಟ್ಟಿನ ಕಟ್ಟಿನ ಮೇಲೆ ಕೂತು ಅಲ್ಲೇ ಚೆಕ್ಕು ಬರೆದು ಮೇಜಿನ ಮೇಲಿಟ್ಟರು. ಅತ್ತಿಗೆ ಅದನ್ನು ಮುಟ್ಟಲಿಲ್ಲ, ಯಾಕೆ ಎಂಬಂತೆ ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಗೀಟಿನ ಕತೆ, ಸಾಲಿನ ಕತೆ, ನನ್ನ ಜಂಬದ ಕತೆ.

"ಓದು" ಎಂದರು ಅತ್ತಿಗೆ. "ವರ್ಷ ವರ್ಷದ್ದೂ ಓದು."

ಓದಿದೆ. "ಕೊಂಡದ್ದು ನಾಲ್ಕು ಲಕ್ಷ. ಮೊದಲನೇ ವರ್ಷದ ಕೊನೆಗೆ ಮೂರು ಲಕ್ಷ ನಲವತ್ತು ಸಾವಿರ. ಎರಡನೇದು ಎರಡು ಲಕ್ಷ ಎಂಬತ್ತೊಂಬತ್ತು ಸಾವಿರ. ಮೂರನೇದು ಎರಡು ಲಕ್ಷ ನಲವತ್ತೈದು ಸಾವಿರದ ಆರುನೂರ ಐವತ್ತು. ನಾಲ್ಕನೇದು ಎರಡು ಲಕ್ಷ ಎಂಟು ಸಾವಿರದ ಎಂಟುನೂರ ಎರಡು. ಐದನೇದು ಒಂದು ಲಕ್ಷ ಎಪ್ಪತ್ತೇಳು ಸಾವಿರದ ನಾಲ್ಕುನೂರ ಎಂಬತ್ತೆರಡು. ಆರನೇದು ಒಂದು ಲಕ್ಷ ಐವತ್ತು ಸಾವಿರದ ಎಂಟುನೂರ ಅರವತ್ತು."

ಅತ್ತಿಗೆ ಒಂದೊಂದಕ್ಕೂ ತಲೆಯಾಡಿಸಿದರು. ಮುಗಿದ ಮೇಲೆ ಮೈದುನನ ಕಡೆ ತಿರುಗಿದರು.

"ಅಂದ್ರೆ ನಿಮ್ಮ ಅಣ್ಣ ಮೋಸ ಹೋಗಿರ್ಲಿಲ್ಲ."

ಪುಸ್ತಕದ ಬೆಲೆಗೂ ಮೋಸಕ್ಕೂ ಸಂಬಂಧವೇ ಇಲ್ಲ, ಅದು ನಾವು ಹಿಡಿದ ವಿಧಾನದ ಉತ್ತರ ಅಷ್ಟೇ ಎಂದು ಸಾರ್ ಇದ್ದಿದ್ದರೆ ಪಾಠ ಹೇಳುತ್ತಿದ್ದರೇನೋ. ನನಗೂ ನಾಲಿಗೆ ತುದಿಗೆ ಬಂತು. ಆದರೆ ಲೆಕ್ಕ ಅಂದ್ರೆ ಲೆಕ್ಕ ಎಂದು ಆಕೆಯ ಬಾಯಿ ಮುಚ್ಚಿಸಿದ್ದ ನಾಲಿಗೆ ಅದೇ ಅಲ್ಲವೇ? ಸುಮ್ಮನಿದ್ದೆ.

ಯಜಮಾನರು ರಟ್ಟಿನ ಕಟ್ಟಿನಿಂದ ಎದ್ದು ನಿಂತರು. "ಇಲ್ಲ ಅತ್ತಿಗೆ. ಅಣ್ಣ ಸರಿಯಾಗೇ ಕೊಂಡಿದ್ದ. ಅದು ಇಲ್ಲದಿದ್ರೆ ನಾನು ಇಷ್ಟು ವರ್ಷ ಬಾಗಿಲು ತೆಗೀತಾನೇ ಇರ್ಲಿಲ್ಲ. ನಾನೇ ಬಾಯಿಗೆ ಬಂದ ಹಾಗೆ ಮಾತಾಡಿದೆ."

ಆಗ ಅತ್ತಿಗೆ ಅತ್ತರು. ಅಂಟು ಮೆತ್ತಿದ ಕೈಯಿಂದ ಕಣ್ಣೊರೆಸಿಕೊಳ್ಳಲಾಗದೆ ಮೊಣಕೈ ಮಡಚಿ ಒರೆಸಿಕೊಂಡರು. ಯಜಮಾನರೂ ಬಾಗಿಲ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದರು.

ನನ್ನ ಕೆಲಸ ಹೋಗಲಿಲ್ಲ. ಇನ್ನೂ ಒಂಬತ್ತು ವರ್ಷ ಆ ಗಾಜಿನ ಕೋಣೆಯಲ್ಲೇ ಕೂತೆ, ಪ್ರತಿ ಆಸ್ತಿಯ ಮುಂದೂ ವಿಧಾನವನ್ನು ಪೂರ್ತಿ ಅಕ್ಷರದಲ್ಲಿ ಬರೆದೆ. ಆ ಜನರ ಜೊತೆ ಕಳೆದ ಒಂದೊಂದು ವರ್ಷದ ಕೊನೆಯ ದಿನವೂ ನನಗೆ ಇವತ್ತಿಗೂ ಬೇಕು.

ಚೆಕ್ಕು ಮರುದಿನವೇ ನಗದಾಯಿತು. ಆದರೆ ಅಂಗಡಿ ಬಿಡಲು ಬಟ್ಟೆ ಹೊಲಿಯುವವನು ಒಪ್ಪಲಿಲ್ಲ, ಆ ಮೇಲೆ ಆ ರಸ್ತೆಯಲ್ಲಿ ಬೇರೆ ಯಾವುದೂ ಖಾಲಿಯಾಗಲಿಲ್ಲ. ಅತ್ತಿಗೆ ಹನ್ನೊಂದು ವರ್ಷ ಆ ಕತ್ತಲೆಯ ಗೋದಾಮಿನಲ್ಲೇ ಡಬ್ಬಿ ಮಾಡಿದರು. ನಾನು ವಾರಕ್ಕೊಮ್ಮೆ ಹೋಗಿ ಅವರ ಪುಸ್ತಕ ಬರೆದುಕೊಟ್ಟು ಬರುತ್ತಿದ್ದೆ. ಹೋದಾಗಲೆಲ್ಲ ಬಾ ಕಣೇ ಎಂದು ದೀಪದ ಕೆಳಗೆ ಜಾಗ ಮಾಡಿಕೊಟ್ಟರು, ಚಹಾ ಕೊಟ್ಟರು, ಕಿಟಕಿಯ ಅಂಗಡಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಒಂದು ಸಲವಾದರೂ ಅವರು ನನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.